ಗುಣಿಸುವ ಬದಲು ಕೋನ ಕೂಡಿಸಿದ ಸರ್ವೇಯರ್

ನೋಟ್‌ಬುಕ್ ಪುಟದ ಫೋಟೋದಲ್ಲಿ ಒಂದು ಲೆಕ್ಕ ಬಂದಿದೆ ಅಂದುಕೊಳ್ಳಿ: (−√3 + i)⁷. ಸುಮ್ನೆ ಗುಣಿಸುತ್ತಾ ಹೋದರೂ ಉತ್ತರ ಬರುತ್ತದೆ. ಕೋನ ಹಿಡಿದು ಹೋದರೆ ಎರಡೇ ಸಾಲು. ಆದರೆ ಈ ಎರಡು ಸಾಲಿನ ದಾರಿ ತೆರೆಯಲು ಎರಡು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

1572ರಲ್ಲಿ ಇಟಲಿಯ ಬೊಂಬೆಲ್ಲಿ ಋಣ ಸಂಖ್ಯೆಯ ವರ್ಗಮೂಲವನ್ನು ಕೂಡಿ ಗುಣಿಸುವ ನಿಯಮ ಬರೆದ. ಆಗ ಅದು ಬರೀ ಬೀಜಗಣಿತ, ಚಿತ್ರವೇನೂ ಇರಲಿಲ್ಲ. 18ನೇ ಶತಮಾನದ ಆರಂಭದಲ್ಲಿ ಡಿ ಮಾವ್ರ್ ಘಾತಕ್ಕೂ ಕೋನಕ್ಕೂ ಇರುವ ನಂಟು ಕಂಡ. 1748ರಲ್ಲಿ ಆಯ್ಲರ್ ಅದನ್ನು ನಾವೀಗ ಬರೆಯುವ ರೂಪಕ್ಕೆ ತಂದ:

(cos θ + i sin θ)ⁿ = cos nθ + i sin nθ

ಆದರೂ ಈ ಕೋನ ಇರುವುದೆಲ್ಲಿ? ಅದನ್ನು ಕಾಗದದ ಮೇಲೆ ಸ್ಪಷ್ಟವಾಗಿ ತೋರಿಸಿದವನು ಗಣಿತದ ಪ್ರೊಫೆಸರ್ ಅಲ್ಲ. ನಾರ್ವೆಯಲ್ಲಿ ಹುಟ್ಟಿ ಡೆನ್ಮಾರ್ಕ್‌ನಲ್ಲಿ ಭೂಮಿ ಅಳೆಯುತ್ತಿದ್ದ ಸರ್ವೇಯರ್ ಕ್ಯಾಸ್ಪರ್ ವೆಸೆಲ್. ಉದ್ದ ಮತ್ತು ದಿಕ್ಕು ಅವನ ದಿನನಿತ್ಯದ ಕೆಲಸವೇ ಆಗಿತ್ತಲ್ವಾ? 1797ರಲ್ಲಿ ಡೆನ್ಮಾರ್ಕ್‌ನ ವಿಜ್ಞಾನ ಅಕಾಡೆಮಿಯ ಮುಂದೆ ಅವನು ಇಟ್ಟ ನಿಯಮ ಇಷ್ಟೇ: ಇಂಥ ಪ್ರತಿ ಸಂಖ್ಯೆಯೂ ಉದ್ದ ಮತ್ತು ದಿಕ್ಕು ಇರುವ ಒಂದು ಗೆರೆ, ಎರಡು ಗೆರೆಗಳನ್ನು ಗುಣಿಸುವಾಗ ಉದ್ದಗಳನ್ನು ಗುಣಿಸಿ, ಕೋನಗಳನ್ನು ಕೂಡಿ. ಲೇಖನ ಡ್ಯಾನಿಶ್‌ನಲ್ಲಿ ಅಚ್ಚಾಗಿ ಮೂಲೆ ಸೇರಿತು. ಜನರ ಗಮನಕ್ಕೆ ಮತ್ತೆ ಬಿದ್ದದ್ದು 1895ರಲ್ಲಿ. ಅಷ್ಟರಲ್ಲಿ ಈ ಚಿತ್ರಕ್ಕೆ ಅರ್ಗಾಂಡ್ ಎಂಬ ಇನ್ನೊಬ್ಬನ ಹೆಸರು ಅಂಟಿತ್ತು. ಅವನು ಅದನ್ನೇ 1806ರಲ್ಲಿ ತಾನಾಗಿ ಕಂಡುಕೊಂಡಿದ್ದ.

ಈಗ ನಮ್ಮ ಲೆಕ್ಕ. ಉದ್ದ √(3 + 1) = 2. ಎಡಕ್ಕೆ √3, ಮೇಲಕ್ಕೆ 1, ಅಂದರೆ ಬಿಂದು ಎರಡನೇ ಚತುರ್ಥಕದಲ್ಲಿದೆ. ಕೋನ 150°. ಏಳನೇ ಘಾತಕ್ಕೆ ಉದ್ದ 2⁷ = 128, ಕೋನ 7 × 150° = 1050°. ಎರಡು ಪೂರ್ತಿ ಸುತ್ತು ಕಳೆದರೆ 330°. ಉತ್ತರ 64√3 − 64i.

ಎಡವುವುದು ಕೋನದಲ್ಲಿ. ಕ್ಯಾಲ್ಕುಲೇಟರ್‌ನಲ್ಲಿ tan⁻¹(1/−√3) ಒತ್ತಿದರೆ −30° ಬರುತ್ತದೆ. ಭಾಗಿಸಿದಾಗ ಮೈನಸ್ ಮೇಲಿತ್ತೋ ಕೆಳಗಿತ್ತೋ ಅನ್ನುವುದು ಕಳೆದುಹೋಗುತ್ತದೆ, ದಿಕ್ಕು ಸರಿಯಾಗಿ 180° ತಿರುಗುತ್ತದೆ. ಘಾತ ಸಮಸಂಖ್ಯೆಯಾದರೆ ಈ ತಪ್ಪು ಪೂರ್ತಿ ಸುತ್ತುಗಳಾಗಿ ಮಾಯವಾಗುತ್ತದೆ, ಉತ್ತರ ಸರಿಯೇ ಬರುತ್ತದೆ! ಹಾಗಾಗಿ ಎಷ್ಟೋ ದಿನ ಯಾರಿಗೂ ಗೊತ್ತಾಗುವುದಿಲ್ಲ. ಏಳರಂಥ ಬೆಸ ಘಾತ ಬಂದಾಗ ಇಡೀ ಉತ್ತರದ ಚಿಹ್ನೆ ತಿರುಗಿ ಸಿಕ್ಕಿಬೀಳುತ್ತದೆ.

ಫೋಟೋ ತರುವ ತಪ್ಪೇ ಬೇರೆ. ಆವರಣಕ್ಕೆ ಅಂಟಿಕೊಂಡ ಮೈನಸ್ ಕಾಣದೇ ಹೋದರೆ ಕೋನ 30° ಆಗಿ −64√3 − 64i ಬರುತ್ತದೆ. ಉದ್ದ ಮಾತ್ರ ಅದೇ 128, ಆದ್ದರಿಂದ ಉದ್ದ ನೋಡಿ ತಪ್ಪು ಹಿಡಿಯಲಾಗದು. ಮೂರನೇ ಘಾತದಲ್ಲೂ ಎರಡಕ್ಕೂ 8i ಬರುತ್ತದೆ, ಅದೂ ಸಾಲದು. ಎರಡನೇ ಘಾತ ಕೈಯಲ್ಲಿ ಮಾಡಿ: ಮೈನಸ್ ಇದ್ದರೆ 2 − 2√3i, ಇಲ್ಲದಿದ್ದರೆ 2 + 2√3i. ಯಾವುದು ಸರಿ ಎಂದು ಹೇಳಲು ಮಾತ್ರ ಫೋಟೋವನ್ನು ದೊಡ್ಡದು ಮಾಡಿ ನೋಡಲೇಬೇಕು.