‘ಊರು ಬಿಡೋಕ್ಕಾಗಲ್ಲ’ ಅಂತ ರಿಕ್ರೂಟರ್‌ಗೆ ಹೇಗೆ ಹೇಳೋದು?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಅಪ್ಪ ಅಮ್ಮನ ಜೊತೆ ಇದ್ದೇನೆ, ಟೆಸ್ಟಿಂಗ್ ಕೆಲಸದಲ್ಲಿ ಆರು ವರ್ಷದ ಅನುಭವವಿದೆ. ಪುಣೆಯ ಕೆಲಸವೊಂದಕ್ಕೆ ರಿಕ್ರೂಟರ್ ಫೋನ್ ಮಾಡಿದ್ದರು. ಅಲ್ಲಿಗೆ ಹೋಗಲಾರೆ, ರಿಮೋಟ್ ಅಥವಾ ಹೈಬ್ರಿಡ್ ಆದರೆ ಸರಿ. ಇದನ್ನು ಯಾವಾಗ, ಹೇಗೆ ಹೇಳಲಿ?

ಉತ್ತರ: ಮೊದಲ ಫೋನಿನಲ್ಲೇ ಹೇಳಿಬಿಡಿ. ಈಗಿನ ಸಂಬಳ, ನೋಟಿಸ್ ಪೀರಿಯಡ್, ಊರು: ರಿಕ್ರೂಟರ್ ಮೊದಲು ಕೇಳಿ ಬರೆದುಕೊಳ್ಳುವುದೇ ಈ ಮೂರನ್ನು. ‘ನೋಡೋಣ ಸರ್’ ಅಂದರೆ ಅವರು ‘ಬರಲು ಒಪ್ಪಿದ್ದಾರೆ’ ಎಂದೇ ಬರೆದುಕೊಳ್ಳುತ್ತಾರೆ. ಮೂರು ಸುತ್ತಿನ ಇಂಟರ್‌ವ್ಯೂ ಮುಗಿದ ಮೇಲೆ ನೀವು ಬಾಯಿಬಿಟ್ಟರೆ ಆ ಕೆಲಸವೂ ಇಲ್ಲ, ಆ ರಿಕ್ರೂಟರ್ ಇನ್ನೊಮ್ಮೆ ಫೋನ್ ಮಾಡುವುದೂ ಅನುಮಾನ.

ಆದರೆ ನಿಮ್ಮ ಮಾತಿನಲ್ಲೇ ಒಂದು ತೊಡಕಿದೆ. ಆಫೀಸು ಪುಣೆಯಲ್ಲಿದ್ದು ವಾರಕ್ಕೆ ಮೂರು ದಿನ ಬರಬೇಕು ಅಂದರೆ, ಹೆಸರಿಗೆ ಹೈಬ್ರಿಡ್ ಆದರೂ ನೀವು ಅಲ್ಲಿ ಮನೆ ಮಾಡಲೇಬೇಕು. ಹಾಗಾಗಿ ಬರೀ ‘ಹೈಬ್ರಿಡ್ ಓಕೆ’ ಅನ್ನಬೇಡಿ. ಯಾವ ಊರಿನ ಆಫೀಸು, ವಾರಕ್ಕೆ ಎಷ್ಟು ದಿನ ಅನ್ನುವುದನ್ನೂ ಸೇರಿಸಿ. ಬೆಂಗಳೂರಿನೊಳಗೂ ಇದೇ ಲೆಕ್ಕ. ನಿಮಗೆ ವೈಟ್‌ಫೀಲ್ಡ್ ದೂರವಾದರೂ ನೇರಳೆ ಮಾರ್ಗದ ಮೆಟ್ರೋ ಮನೆ ಹತ್ತಿರದಿಂದಲೇ ಅಲ್ಲಿಗೆ ಹೋಗುತ್ತದೆ, ಮೂರು ದಿನ ಒಪ್ಪಿಕೊಳ್ಳಬಹುದು. ಮೆಟ್ರೋ ಇನ್ನೂ ಮುಟ್ಟದ ಸರ್ಜಾಪುರ ರಸ್ತೆಯಾದರೆ ಎರಡು ಸಲ ಯೋಚಿಸಿ.

ಫೋನಿನಲ್ಲಿ ಹೇಳಿದ್ದನ್ನು ಅವತ್ತೇ ಮೇಲ್‌ನಲ್ಲೂ ಹಾಕಿ. ಇಂಗ್ಲಿಷಿನಲ್ಲೇ ಬರೆಯಿರಿ, ಸಾರ ಇಷ್ಟಿರಲಿ:

‘ಕೆಲಸ ನನ್ನ ಅನುಭವಕ್ಕೆ ಹೊಂದುತ್ತದೆ, ಆಸಕ್ತಿ ಇದೆ. ಪುಣೆಗೆ ಮನೆ ಬದಲಿಸಲು ಆಗುವುದಿಲ್ಲ. ಬೆಂಗಳೂರಿನಿಂದ ಪೂರ್ತಿ ರಿಮೋಟ್ ಆಗಬಹುದು. ಇಲ್ಲೇ ನಿಮ್ಮ ಆಫೀಸಿದ್ದರೆ ವಾರಕ್ಕೆ ಮೂರು ದಿನ ಬರುತ್ತೇನೆ. ತಿಂಗಳಿಗೊಮ್ಮೆ ಎರಡು ಮೂರು ದಿನ ಪುಣೆಗೂ ಬರಬಲ್ಲೆ. ಹೈರಿಂಗ್ ಮ್ಯಾನೇಜರ್ ಇದಕ್ಕೆ ಒಪ್ಪುತ್ತಾರಾ, ಕೇಳಿ ತಿಳಿಸುವಿರಾ?’

ಕೊನೆಯ ಸಾಲು ಬಿಡಬೇಡಿ. ಊರಿನ ವಿಷಯದಲ್ಲಿ ವಿನಾಯಿತಿ ಕೊಡುವ ಅಧಿಕಾರ ಸಾಮಾನ್ಯವಾಗಿ ರಿಕ್ರೂಟರ್ ಕೈಯಲ್ಲಿ ಇರುವುದಿಲ್ಲ, ಕನ್ಸಲ್ಟೆನ್ಸಿಯವರಾದರೆ ಇನ್ನೂ ಇಲ್ಲ. ಅಪ್ಪನ ಆರೋಗ್ಯ, ಮನೆ ಸಾಲ ಅಂತ ಕಾರಣ ಬಿಡಿಸಿ ಹೇಳಲು ಹೋಗಬೇಡಿ. ಕೇಳಿದರೆ ‘ಮನೆಯ ಜವಾಬ್ದಾರಿ’ ಅಂದರೆ ಸಾಕು. ಕಾರಣ ಹೇಳುತ್ತಾ ಹೋದಷ್ಟೂ ‘ಆರು ತಿಂಗಳಾದ ಮೇಲೆ ಬರ್ತೀರಾ?’ ಅನ್ನುವ ಚೌಕಾಸಿ ಶುರುವಾಗುತ್ತದೆ.

‘ಮೊದಲು ಸೇರಿಕೊಳ್ಳಿ, ಆಮೇಲೆ ಮ್ಯಾನೇಜರ್ ಹತ್ತಿರ ಮಾತಾಡೋಣ’ ಅಂದರೆ ಅದನ್ನು ‘ಇಲ್ಲ’ ಅಂತಲೇ ತಿಳಿಯಿರಿ. ಒಪ್ಪಿದರು ಅಂದುಕೊಳ್ಳಿ, ಆಗಲೂ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮುಂಚೆ ಆಫರ್ ಲೆಟರ್‌ನಲ್ಲಿ ಕೆಲಸದ ಸ್ಥಳ ‘ಬೆಂಗಳೂರು’ ಅಂತ ಇದೆಯಾ ನೋಡಿ. ‘ಕಂಪನಿ ಯಾವ ಊರಿಗೆ ಬೇಕಾದರೂ ವರ್ಗಾಯಿಸಬಹುದು’ ಅನ್ನುವ ಸಾಲು ಬಹಳಷ್ಟು ಆಫರ್ ಲೆಟರ್‌ಗಳಲ್ಲಿ ಇದ್ದೇ ಇರುತ್ತದೆ, ಅದನ್ನು ತೆಗೆಸುವುದು ಕಷ್ಟ. ಅದಕ್ಕೇ ರಿಮೋಟ್ ವ್ಯವಸ್ಥೆಯ ಬಗ್ಗೆ ಎಚ್‌ಆರ್‌ನಿಂದ ಪ್ರತ್ಯೇಕ ಮೇಲ್ ಪಡೆಯಿರಿ. ತಿಂಗಳ ಪುಣೆ ಪ್ರಯಾಣದ ಟಿಕೆಟ್, ಹೋಟೆಲ್ ಖರ್ಚು ಯಾರದು ಅನ್ನುವುದೂ ಅದೇ ಮೇಲ್‌ನಲ್ಲಿ ಬರಲಿ.