ಬದಲಾದ ಗುಂಡಿಯ ಬಣ್ಣ ಮತ್ತು 0.035

ಡೇಟಾ ಸೈನ್ಸ್ ಕೋರ್ಸಿನ ಸಂಖ್ಯಾಶಾಸ್ತ್ರದ ಅಧ್ಯಾಯ ತೆರೆದರೆ ಇಂಥದೊಂದು ಲೆಕ್ಕ ಎದುರಾಗುತ್ತದೆ. ಜಾಲತಾಣವೊಂದರ ಹಳೆಯ ಪುಟವನ್ನು 1,000 ಮಂದಿಗೆ ತೋರಿಸಿದ್ದಾರೆ. ‘ಕೊಳ್ಳಿ’ ಗುಂಡಿಯ ಬಣ್ಣ ಬದಲಿಸಿದ ಹೊಸ ಪುಟವನ್ನು ಬೇರೆ 1,000 ಮಂದಿಗೆ ತೋರಿಸಿದ್ದಾರೆ. ಯಾರಿಗೆ ಯಾವ ಪುಟ ಎಂಬುದು ಚೀಟಿ ಎತ್ತಿದಷ್ಟೇ ಯಾದೃಚ್ಛಿಕ. ಹಳೆಯ ಪುಟ ನೋಡಿದವರಲ್ಲಿ 100 ಮಂದಿ ಕೊಂಡರು, ಹೊಸದನ್ನು ನೋಡಿದವರಲ್ಲಿ 130 ಮಂದಿ ಕೊಂಡರು. ಸೂತ್ರಕ್ಕೆ ಹಾಕಿದರೆ ಪಿ-ಮೌಲ್ಯ 0.035 ಎಂದು ಬರುತ್ತದೆ. ರೂಢಿಯ ಮಿತಿಯಾದ 0.05ಕ್ಕಿಂತ ಕಡಿಮೆ, ಆದ್ದರಿಂದ ಫಲಿತಾಂಶ ‘ಮಹತ್ವದ್ದು’.

ಇಲ್ಲಿಯವರೆಗೆ ತಕರಾರಿಲ್ಲ. ಇದರ ಮರುಕ್ಷಣವೇ ಓದುಗನ ಮನಸ್ಸು ಒಂದು ವಾಕ್ಯ ಕಟ್ಟಿಕೊಳ್ಳುತ್ತದೆ: “ಇದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಶೇ 3.5. ಅಂದರೆ ಹೊಸ ಪುಟ ನಿಜಕ್ಕೂ ಉತ್ತಮವಾಗಿರುವ ಸಾಧ್ಯತೆ ಶೇ 96.5.” ಇದು ತಪ್ಪು. ಸ್ವಲ್ಪ ಅಂದಾಜಿನ ಮಾತಾಯಿತು, ಇರಲಿ ಬಿಡಿ ಎನ್ನುವಂಥ ತಪ್ಪಲ್ಲ. ಪ್ರಶ್ನೆಯನ್ನೇ ತಿರುವುಮುರುವು ಮಾಡಿದ ತಪ್ಪು. ಪಾಠ ಹೇಳುವವರ ಬಾಯಲ್ಲೂ ಇದನ್ನು ಕೇಳಿದಾಗ ನನಗೆ ತಡೆಯಲಾಗುವುದಿಲ್ಲ.

0.035 ಹುಟ್ಟುವುದು ಎಲ್ಲಿಂದ? ಸೂತ್ರವನ್ನು ಮರೆತು ಇಸ್ಪೀಟು ಎಲೆಗಳನ್ನು ನೆನಪಿಸಿಕೊಳ್ಳಿ. ಎರಡೂ ಗುಂಪುಗಳ 2,000 ಮಂದಿಗೆ ತಲಾ ಒಂದು ಎಲೆ. ಕೊಂಡವರ 230 ಎಲೆಗಳು ಕೆಂಪು, ಉಳಿದ 1,770 ಕಪ್ಪು. ಈಗ ಒಂದು ಕಾಲ್ಪನಿಕ ಲೋಕದೊಳಕ್ಕೆ ಹೋಗೋಣ. ಅಲ್ಲಿ ಗುಂಡಿಯ ಬಣ್ಣಕ್ಕೆ ಯಾವ ಶಕ್ತಿಯೂ ಇಲ್ಲ. ಕೊಳ್ಳುವ 230 ಮಂದಿ ಯಾವ ಪುಟ ನೋಡಿದ್ದರೂ ಕೊಳ್ಳುತ್ತಿದ್ದರು. ಇದನ್ನೇ ಪುಸ್ತಕಗಳು ಶೂನ್ಯ ಊಹೆ ಎನ್ನುತ್ತವೆ. ಆ ಲೋಕದಲ್ಲಿ ಕಟ್ಟನ್ನು ಚೆನ್ನಾಗಿ ಕಲೆಸಿ, ಸಾವಿರ ಎಲೆಗಳನ್ನು ಒಂದು ಕಡೆ, ಸಾವಿರವನ್ನು ಇನ್ನೊಂದು ಕಡೆ ಹಂಚಿ, ಕೆಂಪು ಎಲೆಗಳನ್ನು ಎಣಿಸಿ. ಸಾಮಾನ್ಯವಾಗಿ ಎರಡೂ ಕಡೆ 115ರ ಆಸುಪಾಸು ಬರುತ್ತವೆ. ಕೆಲವೊಮ್ಮೆ 108–122, ಅಪರೂಪಕ್ಕೆ 100–130. ಮತ್ತೆ ಕಲೆಸಿ, ಮತ್ತೆ ಹಂಚಿ. ಈ ದಣಿವನ್ನು ಕಂಪ್ಯೂಟರಿಗೆ ವಹಿಸಬಹುದು:

```python
import numpy as np
rng = np.random.default_rng(1)
x = rng.hypergeometric(230, 1770, 1000, size=100000)
print(np.mean(abs(2*x - 230) >= 30))
```

ಒಂದು ಲಕ್ಷ ಸಲ ಹಂಚಿದಾಗ ಸುಮಾರು 4,200 ಸಲ ಎರಡು ಗುಂಪುಗಳ ನಡುವೆ 30 ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಕಾಣುತ್ತದೆ, ಯಾವ ದಿಕ್ಕಿನಲ್ಲಾದರೂ ಸರಿ. ಅಂದರೆ ಸುಮಾರು 0.042. ಸೂತ್ರದ 0.035ಕ್ಕೂ ಇದಕ್ಕೂ ಇರುವ ಸಣ್ಣ ಅಂತರಕ್ಕೆ ಕಾರಣವಿದೆ. ಸೂತ್ರವು ನಯವಾದ ಗಂಟೆಯಾಕಾರದ ರೇಖೆಯನ್ನು ಬಳಸುತ್ತದೆ, ಎಲೆಗಳಾದರೋ ಪೂರ್ಣ ಸಂಖ್ಯೆಗಳಲ್ಲೇ ಬೀಳುತ್ತವೆ. ಪಿ-ಮೌಲ್ಯ ಎಂದರೆ ಇಷ್ಟೇ: ಬಣ್ಣಕ್ಕೆ ಶಕ್ತಿಯೇ ಇಲ್ಲದ ಲೋಕದಲ್ಲಿ ಇಂಥ ಅಥವಾ ಇದಕ್ಕಿಂತ ಎದ್ದುಕಾಣುವ ವ್ಯತ್ಯಾಸ ಎಷ್ಟು ಸಲ ತಾನಾಗಿಯೇ ಬರುತ್ತದೆ ಎಂಬ ಎಣಿಕೆ.

ಒಂದು ವಿಷಯವನ್ನು ಗಮನಿಸಿ. ಆ ಒಂದು ಲಕ್ಷ ಹಂಚಿಕೆಗಳೂ ನಡೆದದ್ದು ಶೂನ್ಯ ಊಹೆಯ ಲೋಕದೊಳಗೆ. ಅಲ್ಲಿ ಶೂನ್ಯ ಊಹೆ ನೂರಕ್ಕೆ ನೂರು ಸತ್ಯ. ಹಾಗಿರುವಾಗ ಆ ಲೋಕದ ಎಣಿಕೆ “ಶೂನ್ಯ ಊಹೆ ಸತ್ಯವಾಗಿರುವ ಸಂಭವನೀಯತೆ ಎಷ್ಟು?” ಎಂಬ ಪ್ರಶ್ನೆಗೆ ಹೇಗೆ ಉತ್ತರ ಕೊಟ್ಟೀತು? ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಅಂಗಳ ಒದ್ದೆಯಾಗಿದ್ದರೆ ಮಳೆ ಬಂದಿದೆ ಎಂದೇನೂ ಅಲ್ಲ, ಯಾರೋ ನೀರು ಚೆಲ್ಲಿರಬಹುದು. ಡೆಂಗಿ ಎಂದು ಆಸ್ಪತ್ರೆಗೆ ಸೇರಿದ ಬಹುತೇಕ ಎಲ್ಲರಿಗೂ ಜ್ವರ ಇರುತ್ತದೆ, ಆದರೆ ಜ್ವರ ಬಂದವರೆಲ್ಲರಿಗೂ ಡೆಂಗಿ ಇರುವುದಿಲ್ಲ. ‘ಇದು ಇದ್ದರೆ ಅದು’ ಎಂಬುದರ ಪ್ರಮಾಣ ಗೊತ್ತಾದ ಮಾತ್ರಕ್ಕೆ ‘ಅದು ಇದ್ದರೆ ಇದು’ ಎಂಬುದರ ಪ್ರಮಾಣ ಗೊತ್ತಾಗುವುದಿಲ್ಲ. ದಾರಿ ಒಂದೇ ಎಂದು ಕಂಡರೂ ಹೋಗುವಾಗ ಇಳಿಜಾರು, ಬರುವಾಗ ಏರು.

ತಿರುಗಿ ಬರಬೇಕಾದರೆ ಇನ್ನೊಂದು ಸಂಖ್ಯೆ ಬೇಕು: ಇಂಥ ಪ್ರಯೋಗಗಳಲ್ಲಿ ಎಷ್ಟು ಪಾಲು ನಿಜವಾದ ಪರಿಣಾಮವನ್ನು ಬೆನ್ನಟ್ಟಿವೆ? ಗುಂಡಿಯ ಬಣ್ಣ ಬದಲಿಸುವಂಥ 1,000 ಪ್ರಯೋಗಗಳನ್ನು ಊಹಿಸಿಕೊಳ್ಳಿ. ಅವುಗಳಲ್ಲಿ 100ರಲ್ಲಿ ಮಾತ್ರ ನಿಜವಾದ ಪರಿಣಾಮವಿದೆ ಎಂದುಕೊಳ್ಳೋಣ. ಪರಿಣಾಮ ಇದ್ದಾಗ ಪರೀಕ್ಷೆ ಅದನ್ನು ಶೇ 80 ಸಲ ಹಿಡಿಯುತ್ತದೆ ಎಂದರೆ 80 ಸಲ ಸರಿಯಾದ ಗಂಟೆ ಬಾರಿಸುತ್ತದೆ. ಪರಿಣಾಮವೇ ಇಲ್ಲದ 900ರಲ್ಲಿ ಶೇ 5ರಂತೆ 45 ಸಲ ಸುಳ್ಳು ಗಂಟೆ ಬಾರಿಸುತ್ತದೆ. ಒಟ್ಟು ಬಾರಿಸಿದ್ದು 125 ಸಲ, ಅದರಲ್ಲಿ ಸುಳ್ಳು 45. ಅಂದರೆ ‘ಮಹತ್ವದ್ದು’ ಎಂಬ ಮುದ್ರೆ ಬಿದ್ದವುಗಳಲ್ಲೇ ಶೇ 36 ಪೊಳ್ಳು. ಬಣ್ಣದ ಬದಲು ಚೆನ್ನಾಗಿ ಅರ್ಥವಾಗಿರುವ ಕಾರಣವೊಂದನ್ನು ಪರೀಕ್ಷಿಸುತ್ತಿದ್ದರೆ, 1,000ದಲ್ಲಿ 500 ನಿಜವಾಗಿದ್ದರೆ, ಪೊಳ್ಳು 425ಕ್ಕೆ 25, ಶೇ 6 ಮಾತ್ರ. ಎರಡೂ ಕಡೆ ಮಿತಿ 0.05 ಅದೇ, ಪರೀಕ್ಷೆಯೂ ಅದೇ. ಬದಲಾದದ್ದು ಪ್ರಯೋಗದ ಹೊರಗಿನ ತಿಳಿವಳಿಕೆ. ಪಿ-ಮೌಲ್ಯದ ಲೆಕ್ಕಕ್ಕೆ ಆ ತಿಳಿವಳಿಕೆಯನ್ನು ಯಾರೂ ಕೊಟ್ಟೇ ಇರಲಿಲ್ಲ.

ಶೂನ್ಯ ಊಹೆಯನ್ನು ತಳ್ಳಿಹಾಕಿದ ಕೂಡಲೇ ತಮಗಿಷ್ಟವಾದ ಕಾರಣವನ್ನು ಸಿಂಹಾಸನಕ್ಕೇರಿಸುವ ಚಾಳಿಗೆ 300 ವರ್ಷಗಳ ಇತಿಹಾಸವಿದೆ. 1710ರಲ್ಲಿ ಸ್ಕಾಟ್ಲೆಂಡ್ ಮೂಲದ ವೈದ್ಯ ಜಾನ್ ಆರ್ಬತ್‌ನಾಟ್ ಲಂಡನ್ನಿನ 82 ವರ್ಷಗಳ ದೀಕ್ಷಾಸ್ನಾನದ ದಾಖಲೆಗಳನ್ನು ನೋಡಿದ. 82 ವರ್ಷವೂ ಗಂಡುಮಕ್ಕಳೇ ಹೆಚ್ಚು. ಗಂಡು–ಹೆಣ್ಣು ಸಮಸಮ ಸಾಧ್ಯತೆಯ ನಾಣ್ಯವಾಗಿದ್ದರೆ ಹೀಗಾಗುವ ಸಂಭವನೀಯತೆ ಅರ್ಧದ 82ನೇ ಘಾತ. ದಶಮಾಂಶ ಬಿಂದುವಿನ ನಂತರ 24 ಸೊನ್ನೆ ಬರೆದ ಮೇಲೆ ಮೊದಲ ಅಂಕಿ ಬರುತ್ತದೆ! ಲೆಕ್ಕ ಸೊಗಸಾಗಿದೆ, ಇಂದಿನ ಪಿ-ಮೌಲ್ಯದ ಪೂರ್ವಜ ಇದೇ. ಆದರೆ ಆತ ಇದರಿಂದ ತಲುಪಿದ ತೀರ್ಮಾನ: ಇದು ದೈವಸಂಕಲ್ಪ, ಆದ್ದರಿಂದ ಬಹುಪತ್ನಿತ್ವ ಪ್ರಕೃತಿನಿಯಮಕ್ಕೆ ವಿರುದ್ಧ. ಕೆಲವೇ ವರ್ಷಗಳಲ್ಲಿ ಗಣಿತಜ್ಞ ನಿಕೋಲಸ್ ಬರ್ನೌಲಿ ಸರಳವಾದ ಮಾತೊಂದನ್ನು ತೋರಿಸಿಕೊಟ್ಟ. 35 ಮುಖಗಳ ದಾಳವೊಂದರಲ್ಲಿ 18 ಗಂಡಿಗೆ, 17 ಹೆಣ್ಣಿಗೆ ಇದ್ದರೆ, ವರ್ಷಕ್ಕೆ 14,000 ಸಲ ಉರುಳಿಸಿದಾಗ ಹೆಚ್ಚುಕಡಿಮೆ ಪ್ರತಿ ವರ್ಷವೂ ಗಂಡೇ ಮುಂದೆ ಬರುತ್ತದೆ. ಆರ್ಬತ್‌ನಾಟ್‌ನ ಲೆಕ್ಕ ಉರುಳಿಸಿದ್ದು ‘ಸಾಧ್ಯತೆ ಸರಿಯಾಗಿ ಅರ್ಧ’ ಎಂಬ ಒಂದೇ ಒಂದು ಊಹೆಯನ್ನು. ಸಮಸಮವಲ್ಲ ಎನ್ನುವುದಕ್ಕೂ ದೈವಸಂಕಲ್ಪ ಎನ್ನುವುದಕ್ಕೂ ನಡುವೆ ಇರುವ ಕಂದಕವನ್ನು ದಾಟಲು ಎಷ್ಟು ಸೊನ್ನೆಗಳಿದ್ದರೂ ಸಾಲದು. ನಮ್ಮ ಪುಟದ ವಿಷಯವೂ ಹೀಗೆಯೇ. ಬದಲಿಸಿದ ಬಣ್ಣದ ಜೊತೆಗೆ ಹೊಸ ಪುಟ ಬೇಗ ತೆರೆದುಕೊಳ್ಳುತ್ತಿದ್ದರೆ, 0.035 ಎಂಬ ಸಂಖ್ಯೆಗೆ ಬಣ್ಣ ಮತ್ತು ವೇಗದ ನಡುವೆ ಭೇದ ಗೊತ್ತಿಲ್ಲ.

ಈಗ ಅಧ್ಯಾಯದ ಮುಂದಿನ ಪುಟ: ಕಾನ್ಫಿಡೆನ್ಸ್ ಇಂಟರ್‌ವಲ್, ಅಂದರೆ ವಿಶ್ವಾಸಾಂತರ. ಕೊಳ್ಳುವವರ ಪ್ರಮಾಣ ಶೇ 10ರಿಂದ ಶೇ 13ಕ್ಕೆ ಏರಿದೆ, ವ್ಯತ್ಯಾಸ 3 ಶೇಕಡಾ ಅಂಶ. ಈ ವ್ಯತ್ಯಾಸ ಆಕಸ್ಮಿಕದಿಂದ ಎಷ್ಟು ತೂಗಾಡುತ್ತದೆ ಎಂಬುದರ ಅಳತೆಯಾದ ಸ್ಟ್ಯಾಂಡರ್ಡ್ ಎರರ್ 1.425 ಅಂಶ. ಅದನ್ನು 1.96ರಿಂದ ಗುಣಿಸಿದರೆ 2.8. ಆದ್ದರಿಂದ ಶೇ 95 ವಿಶ್ವಾಸಾಂತರ 0.2ರಿಂದ 5.8 ಅಂಶಗಳವರೆಗೆ.

“ನಿಜವಾದ ವ್ಯತ್ಯಾಸ 0.2 ಮತ್ತು 5.8ರ ನಡುವೆ ಇರುವ ಸಂಭವನೀಯತೆ ಶೇ 95” ಎಂದು ಓದುವುದು ಸಹಜ. ಆದರೆ ಈ ಕ್ರಮವನ್ನು ರೂಪಿಸಿದ ಯೆರ್ಜಿ ನೇಮನ್ ಹಾಗೆ ಓದಬಾರದೆಂದು 1937ರಲ್ಲೇ ಹೇಳಿದ್ದರು. ನೆಲದಲ್ಲಿ ಒಂದು ಗೂಟ ನೆಟ್ಟಿದೆ, ನಮಗೆ ಕಾಣುವುದಿಲ್ಲ. ಅದೇ ನಿಜವಾದ ವ್ಯತ್ಯಾಸ. ಪ್ರತಿ ಪ್ರಯೋಗವೂ ಒಂದು ಬಳೆಯನ್ನು ಎಸೆಯುತ್ತದೆ. ಗೂಟ ಅಲುಗಾಡುವುದಿಲ್ಲ, ಬೇರೆ ಬೇರೆ ಕಡೆ ಬೀಳುವುದು ಬಳೆ. ಶೇ 95 ಎನ್ನುವುದು ಎಸೆಯುವ ಕೈಯ ಪಳಗಿಕೆ: ನೂರು ಎಸೆತಗಳಲ್ಲಿ ಸರಾಸರಿ 95 ಸಲ ಬಳೆ ಗೂಟಕ್ಕೆ ಬೀಳುತ್ತದೆ. ಬಿದ್ದಾದ ಮೇಲೆ ಈ ಒಂದು ಬಳೆಯೊಳಗೆ ಗೂಟ ಇದೆ ಅಥವಾ ಇಲ್ಲ. ‘ಈ ಬಳೆಯೊಳಗೆ ಇರುವ ಸಾಧ್ಯತೆ’ಯನ್ನೇ ಹೇಳಬೇಕೆಂದಿದ್ದರೆ ಬೇಯಸ್ ಮಾರ್ಗ ಇದೆ. ಆದರೆ ಅಲ್ಲಿ ಗೂಟ ಎಲ್ಲಿರಬಹುದೆಂಬ ಮೊದಲ ಅಂದಾಜನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಹಾಗಾದರೆ 0.2–5.8 ಅನ್ನು ಹೇಗೆ ಓದುವುದು? ನನಗೆ ಅತ್ಯಂತ ಇಷ್ಟವಾದ ಓದು ಇದು. ನಿಜವಾದ ವ್ಯತ್ಯಾಸ 1 ಅಂಶ ಎಂದು ಊಹಿಸಿ ಪರೀಕ್ಷಿಸಿ, ಪಿ-ಮೌಲ್ಯ 0.05ಕ್ಕಿಂತ ಮೇಲೆ ಬರುತ್ತದೆ. 5 ಎಂದು ಊಹಿಸಿ, ಮೇಲೆಯೇ ಬರುತ್ತದೆ. 0 ಎಂದರೆ ಕೆಳಗೆ ಹೋಗುತ್ತದೆ, 7 ಎಂದರೂ ಕೆಳಗೆ. ಹೀಗೆ ಪ್ರತಿ ಊಹೆಯನ್ನೂ ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದಾಗ ನಮ್ಮ ಮಾಹಿತಿ ತಳ್ಳಿಹಾಕಲಾರದೆ ಉಳಿಸಿದ ಊಹೆಗಳ ಗುಂಪೇ ವಿಶ್ವಾಸಾಂತರ. ಹೊಸ ಪುಟದ ಲಾಭ ಉಗುರಿನಷ್ಟಿರಬಹುದು, ಹಳೆಯ ಶೇ 10ರ ಅರ್ಧಕ್ಕಿಂತ ಹೆಚ್ಚು ಏರಿಕೆಯೂ ಆಗಿರಬಹುದು. ಎರಡೂ ಈ ಮಾಹಿತಿಗೆ ಒಪ್ಪುತ್ತವೆ. ‘ಮಹತ್ವದ್ದು’ ಎಂಬ ಒಂದು ಪದ ಮುಚ್ಚಿಟ್ಟದ್ದನ್ನು ಈ ಎರಡು ಸಂಖ್ಯೆಗಳು ಬಿಚ್ಚಿಡುತ್ತವೆ. ಇನ್ನೊಂದು ಪ್ರಯೋಗದಲ್ಲಿ ವಿಶ್ವಾಸಾಂತರ −1ರಿಂದ 6ರವರೆಗೆ ಬಂದು ಪಿ-ಮೌಲ್ಯ 0.05 ದಾಟಿದರೆ “ವ್ಯತ್ಯಾಸವಿಲ್ಲ ಎಂದು ಸಾಬೀತಾಯಿತು” ಎನ್ನುವವರಿದ್ದಾರೆ. ಅಲ್ಲಿ ಸಾಬೀತಾದದ್ದು ಮಾಹಿತಿ ಸಾಲದು ಎಂಬುದಷ್ಟೇ.

ಕೊನೆಗೆ, ನುರಿತವರನ್ನೂ ಎಡವಿಸುವ ಒಂದು ಚಿತ್ರ. ಎರಡು ಪುಟಗಳಿಗೆ ಬೇರೆ ಬೇರೆಯಾಗಿ ವಿಶ್ವಾಸಾಂತರ ಬರೆದು ಅಕ್ಕಪಕ್ಕ ನಿಲ್ಲಿಸುತ್ತಾರೆ. ಹಳೆಯದಕ್ಕೆ ಶೇ 8.1ರಿಂದ 11.9, ಹೊಸದಕ್ಕೆ ಶೇ 10.9ರಿಂದ 15.1. ಎರಡು ಗೆರೆಗಳು ಒಂದರ ಮೇಲೊಂದು ಹಾಯುತ್ತವೆ. “ಹಾಯುತ್ತಿವೆ, ಆದ್ದರಿಂದ ವ್ಯತ್ಯಾಸ ಮಹತ್ವದ್ದಲ್ಲ” ಎಂಬ ತೀರ್ಪು ಬರುತ್ತದೆ. ಆದರೆ ಇದೇ ಮಾಹಿತಿಯ ವ್ಯತ್ಯಾಸದ ವಿಶ್ವಾಸಾಂತರ ಸೊನ್ನೆಯನ್ನು ಮುಟ್ಟದೆ ನಿಂತದ್ದನ್ನು ಈಗಷ್ಟೇ ನೋಡಿದೆವು. ನಡುಬಿಂದುವಿನಿಂದ ಒಂದೊಂದು ಬದಿಗೆ ಹಳೆಯದರ ತೂಗಾಟ 1.86, ಹೊಸದರದು 2.08. ಗೆರೆಗಳು ಹಾಯುತ್ತಿವೆಯೇ ಎಂದು ಕಣ್ಣಳತೆಯಲ್ಲಿ ನೋಡುವವನು ಇವೆರಡನ್ನೂ ಕೂಡಿಸಿ 3.94 ಮಾಡುತ್ತಾನೆ, ಒಂದು ಪುಟದ ಅದೃಷ್ಟ ಕೈಕೊಟ್ಟ ಅದೇ ಗಳಿಗೆಯಲ್ಲಿ ಇನ್ನೊಂದರದು ಪೂರ್ತಿಯಾಗಿ ಎದುರು ದಿಕ್ಕಿಗೆ ಹಾರಬೇಕು ಎಂಬಂತೆ. ಎರಡು ಗುಂಪುಗಳ ಆಕಸ್ಮಿಕಗಳು ಒಂದನ್ನೊಂದು ಅರಿಯವು. ಆದ್ದರಿಂದ ಅವು ಲಂಬಕೋನ ತ್ರಿಭುಜದ ಎರಡು ಭುಜಗಳಂತೆ ಕೂಡಿಕೊಳ್ಳುತ್ತವೆ: 1.86ರ ವರ್ಗ, 2.08ರ ವರ್ಗ, ಮೊತ್ತದ ವರ್ಗಮೂಲ 2.79. ನಾವು ಕಂಡ ವ್ಯತ್ಯಾಸ 3. ಅದು 3.94ರೊಳಗೆ ಮುಳುಗುತ್ತದೆ, 2.79ನ್ನು ಸ್ವಲ್ಪವೇ ಮೀರಿ ತಲೆ ಎತ್ತುತ್ತದೆ. ಗೆರೆಗಳು ದೂರದೂರ ಇದ್ದರೆ ವ್ಯತ್ಯಾಸ ಇದೆ ಎನ್ನಬಹುದು. ಹಾಯುತ್ತಿದ್ದರೆ ಏನನ್ನೂ ಹೇಳದೆ ವ್ಯತ್ಯಾಸದ ವಿಶ್ವಾಸಾಂತರವನ್ನೇ ಲೆಕ್ಕ ಹಾಕಬೇಕು.