ವೈಶಾಲಿಯ ಕಂಚಿನ ಬಟ್ಟಲು: ಸಂಘ ಒಡೆದದ್ದು ಯಾಕೆ, ಮಹಾಯಾನ ಬಂದದ್ದು ಎಲ್ಲಿಂದ?

ಬೌದ್ಧ ಧರ್ಮದ ಪಾಠದಲ್ಲಿ ನಾವೆಲ್ಲ ಒಂದು ಸಾಲನ್ನು ಬಾಯಿಪಾಠ ಮಾಡಿರುತ್ತೇವೆ. ಎರಡನೇ ಸಂಗೀತಿಯಲ್ಲಿ, ಅಂದರೆ ಭಿಕ್ಷುಗಳ ಎರಡನೇ ಮಹಾಸಭೆಯಲ್ಲಿ, ಸಂಘ ಸ್ಥವಿರರು ಮತ್ತು ಮಹಾಸಾಂಘಿಕರು ಎಂದು ಒಡೆಯಿತು, ನಾಲ್ಕನೇ ಸಂಗೀತಿಯಲ್ಲಿ ಹೀನಯಾನ, ಮಹಾಯಾನ ಎಂದು ಒಡೆಯಿತು. ನಾನೂ ಹೀಗೇ ಬರೆದು ಅಂಕ ತೆಗೆದುಕೊಂಡಿದ್ದೇನೆ. ಆಮೇಲೆ ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯ ಪಿಟಕದ ಕಥೆಯನ್ನೇ ಕೂತು ಓದಿದೆ. ಆಗ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅಂತ ಗೊತ್ತಾಯಿತು. ಮೊದಲನೆಯದು ಸಂಘದೊಳಗೆ ಯಾರ ಮಾತು ನಡೆಯಬೇಕು ಎನ್ನುವ ಜಗಳ. ಎರಡನೆಯದರಲ್ಲಿ ಯಾರೂ ಯಾರಿಂದಲೂ ಬೇರೆ ಮನೆ ಮಾಡಲಿಲ್ಲ.

ಮೊದಲು ಜಗಳದ ಬೇರು ನೋಡೋಣ. ಬುದ್ಧ ತನ್ನ ನಂತರ ಇಂಥವನೇ ಯಜಮಾನ ಎಂದು ಯಾರನ್ನೂ ಹೆಸರಿಸಲಿಲ್ಲ. ಧರ್ಮ, ವಿನಯಗಳೇ ನಿಮಗೆ ಗುರು ಎಂದ. ಅದರ ಜೊತೆಗೆ, ಬೇಕಾದರೆ ಚಿಕ್ಕಪುಟ್ಟ ನಿಯಮಗಳನ್ನು ಬಿಡಬಹುದು ಎಂದೂ ಹೇಳಿದ. ಯಾವುವು ಆ ಚಿಕ್ಕ ನಿಯಮಗಳು ಎಂದು ಜೊತೆಗಿದ್ದ ಶಿಷ್ಯ ಆನಂದ ಕೇಳಲೇ ಇಲ್ಲ. ರಾಜಗೃಹದ ಮೊದಲ ಸಂಗೀತಿಯಲ್ಲಿ ಹಿರಿಯರು ಇದಕ್ಕಾಗಿ ಆನಂದನನ್ನು ತಪ್ಪಿತಸ್ಥನೆಂದರು. ಕೊನೆಗೆ ಮಹಾಕಾಶ್ಯಪ, ಒಂದನ್ನೂ ಬಿಡುವುದು ಬೇಡ, ಒಂದನ್ನೂ ಸೇರಿಸುವುದು ಬೇಡ ಎಂಬ ತೀರ್ಮಾನಕ್ಕೆ ಎಲ್ಲರನ್ನೂ ಒಪ್ಪಿಸಿದ. ಸಭೆ ಮುಗಿದ ಮೇಲೆ ಪುರಾಣ ಎಂಬ ಭಿಕ್ಷು ದಕ್ಷಿಣಗಿರಿಯಿಂದ ಬಂದ. ನೀನೂ ಇದನ್ನು ಒಪ್ಪಿಕೋ ಎಂದು ಹಿರಿಯರು ಕೇಳಿದರು. ಚೆನ್ನಾಗಿ ಮಾಡಿದ್ದೀರಿ, ಆದರೆ ನಾನು ಭಗವಂತನ ಬಾಯಿಂದ ಕೇಳಿದ ಹಾಗೇ ನಡೆಯುತ್ತೇನೆ ಎಂದು ಅವನು ಹೇಳಿದ. ಅವನ ಮೇಲೆ ಯಾವ ಕ್ರಮವೂ ಆಗಲಿಲ್ಲ. ಈ ಸಣ್ಣ ಘಟನೆಯನ್ನು ನೆನಪಿಡಿ. ಸಭೆಯ ತೀರ್ಮಾನ ದೊಡ್ಡದೋ, ನಾನೇ ಕೇಳಿದ್ದು ದೊಡ್ಡದೋ ಎನ್ನುವ ಪ್ರಶ್ನೆ ಮೊದಲ ದಿನದಿಂದಲೇ ಇತ್ತು.

ವೈಶಾಲಿಯಲ್ಲಿ ನಡೆದದ್ದು

ಬುದ್ಧನ ಪರಿನಿರ್ವಾಣವಾಗಿ 100 ವರ್ಷ ಆಗಿತ್ತು ಎಂದು ಪಾಳಿ ವಿನಯ ಪಿಟಕದ ಭಾಗವಾದ ಚುಲ್ಲವಗ್ಗ ಹೇಳುತ್ತದೆ. ಯಶ ಕಾಕಂಡಕಪುತ್ರ ಎಂಬ ಭಿಕ್ಷು ವೈಶಾಲಿಗೆ ಬಂದ. ಅದು ಉಪೋಸಥದ ದಿನ. ಉಪೋಸಥ ಅಂದರೆ ಹದಿನೈದು ದಿನಕ್ಕೊಮ್ಮೆ ಭಿಕ್ಷುಗಳೆಲ್ಲ ಸೇರಿ ತಮ್ಮ ನಿಯಮಗಳ ಪಟ್ಟಿಯನ್ನು, ಅಂದರೆ ಪ್ರಾತಿಮೋಕ್ಷವನ್ನು, ಗಟ್ಟಿಯಾಗಿ ಹೇಳುವ ಸಭೆ. ಅಲ್ಲಿನ ವಜ್ಜಿ ಭಿಕ್ಷುಗಳು ಒಂದು ಕಂಚಿನ ಬಟ್ಟಲಿಗೆ ನೀರು ತುಂಬಿಸಿ ಮಧ್ಯದಲ್ಲಿಟ್ಟಿದ್ದರು. ಬಂದ ಗೃಹಸ್ಥರಿಗೆ, ಸಂಘದ ಖರ್ಚಿಗೆ ಒಂದು ಕಾರ್ಷಾಪಣ ನಾಣ್ಯ ಹಾಕಿ, ಇಲ್ಲವಾದರೆ ಅರ್ಧ ಹಾಕಿ, ಕಾಲು ಹಾಕಿ ಎನ್ನುತ್ತಿದ್ದರು.

ಯಶ ಅಲ್ಲೇ ಎದ್ದುನಿಂತು ಕೊಡಬೇಡಿ ಎಂದ. ಜನ ಕೊಟ್ಟರು. ರಾತ್ರಿ ಕಳೆದ ಮೇಲೆ ಭಿಕ್ಷುಗಳು ಹಣವನ್ನು ಎಣಿಸಿ ಹಂಚಿಕೊಂಡರು. ಯಶನಿಗೂ ಒಂದು ಪಾಲು ತೆಗೆದಿಟ್ಟಿದ್ದರು, ಅವನು ಮುಟ್ಟಲಿಲ್ಲ. ಮುಂದೆ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅವರು ಯಶನ ಜೊತೆ ವಾದಕ್ಕೆ ಇಳಿಯಲಿಲ್ಲ, ಅವನ ಮೇಲೆ ಸಂಘದ ಕ್ರಮ ತೆಗೆದುಕೊಂಡರು. ಭಕ್ತರ ಮನಸ್ಸು ನೋಯಿಸಿದ್ದೀಯ, ಹೋಗಿ ಕ್ಷಮೆ ಕೇಳು ಎಂದರು. ನಿಯಮದ ಪ್ರಕಾರ ಯಶ ಒಬ್ಬ ಜೊತೆಗಾರ ಭಿಕ್ಷುವನ್ನು ಕೇಳಿ ಪಡೆದು, ಅವನೊಂದಿಗೆ ಊರೊಳಗೆ ಹೋದ. ಅಲ್ಲಿ ಅವನು ಬುದ್ಧನ ಮಾತನ್ನೇ ನೆನಪಿಸಿದ. ಮೋಡ, ಮಂಜು, ಹೊಗೆ ಧೂಳು, ರಾಹು ಇವು ಸೂರ್ಯ ಚಂದ್ರರನ್ನು ಮಂಕು ಮಾಡುವ ಹಾಗೆ, ಚಿನ್ನ ಬೆಳ್ಳಿ ಮುಟ್ಟುವುದೂ ಭಿಕ್ಷುವಿನ ಬೆಳಕನ್ನು ಮಂಕು ಮಾಡುತ್ತದೆ ಎಂದ. ಜನ ಯಶನ ಕಡೆ ಆದರು. ಇದು ತಿಳಿದ ವಜ್ಜಿ ಭಿಕ್ಷುಗಳು ಅವನನ್ನು ಸಂಘದಿಂದ ಅಮಾನತು ಮಾಡಲು ಸೇರಿದರು. ಯಶ ಅಲ್ಲಿಂದ ಕೌಶಾಂಬಿಗೆ ಹೋದ, ಪಶ್ಚಿಮ ಮತ್ತು ದಕ್ಷಿಣದ ಭಿಕ್ಷುಗಳಿಗೆ ಹೇಳಿಕಳಿಸಿದ.

ಅಷ್ಟರಲ್ಲಿ ದೂರು ಹತ್ತು ಅಂಶಗಳಿಗೆ ಬೆಳೆದಿತ್ತು. ಪರೀಕ್ಷೆಗೆ ನಾವು ಹತ್ತನ್ನೂ ಕಲಿಯುತ್ತೇವೆ. ಕೊಂಬಿನಲ್ಲಿ ಉಪ್ಪು ಇಟ್ಟುಕೊಳ್ಳುವುದು, ಮಧ್ಯಾಹ್ನ ಕಳೆದು ನೆರಳು ಎರಡು ಬೆರಳು ಸರಿದ ಮೇಲೂ ಊಟ ಮಾಡುವುದು, ಇನ್ನೂ ಹುಳಿ ಬರದ ಮದ್ಯ ಕುಡಿಯುವುದು, ಅಂಚಿಲ್ಲದ ಆಸನ ಬಳಸುವುದು ಇಂಥವೆಲ್ಲ ಅದರಲ್ಲಿವೆ. ಇವನ್ನು ನೋಡಿ, ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ದೊಡ್ಡ ಗಲಾಟೆಯಾ ಅನಿಸುತ್ತದೆ ಅಲ್ವಾ? ಪಟ್ಟಿಯ ನಡುವೆ ಇರುವ ಮೂರು ಅಂಶಗಳನ್ನು ಬೇರೆ ತೆಗೆದು ಓದಿ ನೋಡಿ. ನಾಲ್ಕನೆಯದು, ಒಂದೇ ಸೀಮೆಯೊಳಗಿನ, ಅಂದರೆ ಸಂಘ ಗುರುತಿಸಿದ ಒಂದೇ ಗಡಿಯೊಳಗಿನ, ವಿಹಾರಗಳು ಬೇರೆ ಬೇರೆ ಉಪೋಸಥ ಮಾಡಬಹುದೇ? ಐದನೆಯದು, ಸಂಘ ಪೂರ್ತಿ ಸೇರುವ ಮೊದಲೇ ತೀರ್ಮಾನ ಮಾಡಿ, ಬಾರದವರ ಒಪ್ಪಿಗೆಯನ್ನು ಆಮೇಲೆ ಪಡೆಯಬಹುದೇ? ಆರನೆಯದು, ನನ್ನ ಗುರು ಹೀಗೆ ಮಾಡುತ್ತಿದ್ದರು ಎನ್ನುವುದು ಸಾಕಷ್ಟು ಕಾರಣವೇ? ಈ ಮೂರೂ ಅಧಿಕಾರದ ಪ್ರಶ್ನೆಗಳೇ. ಉಪ್ಪು, ಆಸನಗಳ ವಿಷಯಕ್ಕಿಂತ ಇಲ್ಲೇ ತೂಕ ಜಾಸ್ತಿ.

ತೀರ್ಪು ಹೇಗಾಯಿತು ಎನ್ನುವುದೂ ಮುಖ್ಯ. ವೈಶಾಲಿಯಲ್ಲಿ ಎಲ್ಲರೂ ಒಟ್ಟಿಗೆ ಕೂತಾಗ ಮಾತಿಗೆ ಕೊನೆಯೇ ಇರಲಿಲ್ಲ. ಆಗ ಎಂಟು ಜನರ ಸಮಿತಿ ಮಾಡಿದರು. ನಾಲ್ವರು ಪೂರ್ವದವರು, ನಾಲ್ವರು ಪಶ್ಚಿಮದವರು. ವಾಲಿಕಾರಾಮದಲ್ಲಿ ರೇವತ ಒಂದೊಂದೇ ಪ್ರಶ್ನೆ ಕೇಳಿದ. ಎಲ್ಲರಿಗಿಂತ ಹಿರಿಯನಾದ ಸಬ್ಬಕಾಮಿ ಉತ್ತರಿಸಿದ. ತಪ್ಪು ಎಂದ ಪ್ರತಿ ಉತ್ತರದಲ್ಲೂ ಅದಕ್ಕೆ ವಿರುದ್ಧವಾದ ನಿಯಮ ಬುದ್ಧನಿಂದ ಯಾವ ಊರಲ್ಲಿ ಬಂತು, ಅದನ್ನು ಮೀರಿದರೆ ಯಾವ ದೋಷ ಎನ್ನುವುದಿದೆ. ಹತ್ತರಲ್ಲಿ ಒಂಬತ್ತನ್ನು ಪೂರ್ತಿ ತಳ್ಳಿಹಾಕಿದರು. ಗುರುವಿನ ರೂಢಿಯ ಆರನೆಯದಕ್ಕೆ ಮಾತ್ರ, ಕೆಲವೊಮ್ಮೆ ಸರಿ, ಕೆಲವೊಮ್ಮೆ ಸರಿಯಲ್ಲ ಎಂಬ ಉತ್ತರ ಬಂತು. ಆಮೇಲೆ 700 ಭಿಕ್ಷುಗಳ ಮುಂದೆ ಅದನ್ನೇ ಮತ್ತೆ ಕೇಳಿ ಹೇಳಿಸಿದರು. ಚುಲ್ಲವಗ್ಗದ ಕಥೆ ಇಲ್ಲಿಗೆ ಮುಗಿಯುತ್ತದೆ. ಸಂಘ ಒಡೆಯಿತು ಎಂಬ ಮಾತು ಅದರಲ್ಲಿ ಇಲ್ಲ.

ಹಾಗಾದರೆ ಮಹಾಸಾಂಘಿಕರು ಯಾರು?

ಸೋತ ವಜ್ಜಿ ಭಿಕ್ಷುಗಳೇ ಹೊರಗೆ ಹೋಗಿ ಮಹಾಸಾಂಘಿಕರಾದರು ಎನ್ನುವುದು ಶ್ರೀಲಂಕಾದ ಹಳೆಯ ಇತಿಹಾಸ ಕಾವ್ಯ ದೀಪವಂಶ ಹೇಳುವ ಕಥೆ. ನಮ್ಮ ಗೈಡುಗಳಿಗೆ ಬಂದದ್ದೂ ಅಲ್ಲಿಂದಲೇ. ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಮಹಾಸಾಂಘಿಕರ ವಿನಯ ಗ್ರಂಥ ಚೀನೀ ಅನುವಾದದಲ್ಲಿ ಉಳಿದಿದೆ. ಅದರ ಪ್ರತಿಯನ್ನು ಪಾಟಲಿಪುತ್ರದಿಂದ ಒಯ್ದವನು ಚೀನೀ ಯಾತ್ರಿಕ ಫಾಹಿಯಾನ್. ಅದರಲ್ಲೂ ವೈಶಾಲಿಯ ಕಥೆ ಇದೆ, ಬಟ್ಟಲಲ್ಲಿ ಹಣ ಕೇಳಿದ ಪ್ರಸಂಗ ಇದೆ, ಅದನ್ನು ತಪ್ಪು ಎಂದೇ ತೀರ್ಮಾನಿಸಿದ್ದಾರೆ. ಆರೋಪಿಗಳು ತಾವೇ ಆಗಿದ್ದರೆ ಹೀಗೆ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಅಂದರೆ ವೈಶಾಲಿಯ ಹೊತ್ತಿಗೆ ಎರಡೂ ಕಡೆಯವರು ಒಂದೇ ಸಂಘದಲ್ಲಿದ್ದರು, ಒಡಕು ಆಮೇಲೆ ಬಂತು.

ಮಹಾಸಾಂಘಿಕರ ಕಡೆಯ ಶಾರಿಪುತ್ರ ಪರಿಪೃಚ್ಛೆ ಎಂಬ ಗ್ರಂಥದಲ್ಲಿ ಬೇರೆ ಕಾರಣ ಸಿಗುತ್ತದೆ. ಒಬ್ಬ ಹಿರಿಯ ಭಿಕ್ಷು ಹಳೆಯ ವಿನಯಕ್ಕೆ ಹೊಸ ನಿಯಮಗಳನ್ನು ಸೇರಿಸಿ ಬೆಳೆಸಿದ. ಸಂಘದಲ್ಲಿ ಜಗಳವಾಗಿ ರಾಜನ ತನಕ ಹೋಯಿತು. ರಾಜ ಕಪ್ಪು, ಬಿಳಿ ಕಡ್ಡಿಗಳನ್ನು ತರಿಸಿ, ಹಳೆಯದು ಬೇಕಾದವರು ಕಪ್ಪು ತೆಗೆದುಕೊಳ್ಳಿ, ಹೊಸದು ಬೇಕಾದವರು ಬಿಳಿ ತೆಗೆದುಕೊಳ್ಳಿ ಎಂದ. ಕಪ್ಪು ತೆಗೆದುಕೊಂಡವರೇ ಬಹಳ. ದೊಡ್ಡ ಗುಂಪು ಆದ್ದರಿಂದ ಅವರು ಮಹಾಸಾಂಘಿಕರು. ಹಿರಿಯರ ಗುಂಪು ಸ್ಥವಿರರು. ನಾವು ಕಲಿತದ್ದಕ್ಕೆ ಇದು ಪೂರ್ತಿ ತಿರುಗುಮುರುಗು. ಇಲ್ಲಿ ನಿಯಮ ಸಡಿಲ ಮಾಡಿದವರು ಯಾರೂ ಇಲ್ಲ, ಬಿಗಿ ಮಾಡಲು ಹೊರಟವರು ಸ್ಥವಿರರು.

ತಮ್ಮದೇ ಗ್ರಂಥ ತಮ್ಮ ಪರ ಮಾತಾಡುತ್ತದೆ, ನಿಜ. ಆದ್ದರಿಂದ ಹೊರಗಿನ ಸಾಕ್ಷಿಯನ್ನೂ ನೋಡಬೇಕು. ಭಿಕ್ಷುಗಳ ಪ್ರಾತಿಮೋಕ್ಷದಲ್ಲಿ ಮಹಾಸಾಂಘಿಕರದು 218 ನಿಯಮ, ಸ್ಥವಿರರ ಕಡೆಯಿಂದ ಬಂದ ಥೇರವಾದಿಗಳದು 227, ಧರ್ಮಗುಪ್ತಕರದು 250. ದೊಡ್ಡ ತಪ್ಪುಗಳ ಪಟ್ಟಿ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬರುವುದು ನಡೆ, ಉಡುಗೆ, ಊಟದ ಶಿಸ್ತು ಹೇಳುವ ಸಣ್ಣ ನಿಯಮಗಳಲ್ಲಿ. ಧರ್ಮಗುಪ್ತಕರ ಪಟ್ಟಿಯಲ್ಲಿ ಸ್ತೂಪದ ಹತ್ತಿರ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೇ 26 ನಿಯಮಗಳಿವೆ. ಅಂದರೆ ಸ್ಥವಿರರ ಕಡೆಯ ಪಟ್ಟಿಗಳು ಬೆಳೆದಿವೆ, ಮಹಾಸಾಂಘಿಕರದು ಚಿಕ್ಕದಾಗಿಯೇ ಉಳಿದಿದೆ. ಇಷ್ಟರಿಂದಲೇ ಕಡ್ಡಿಯ ಕಥೆ ಅಕ್ಷರಶಃ ನಡೆಯಿತು ಎಂದು ಬರೆಯಬೇಡಿ. ಒಡಕಿನ ಮೂಲ ನಿಯಮ ಸೇರಿಸುವ ಹಕ್ಕಿನ ಪ್ರಶ್ನೆಯಲ್ಲಿತ್ತು ಎನ್ನುವ ವಾದಕ್ಕೆ ಬಲ ಸಿಗುತ್ತದೆ, ಅಷ್ಟೇ.

ಇನ್ನೊಂದು ಕಥೆಯಲ್ಲಿ ಮಹಾದೇವ ಎಂಬುವನ ಐದು ವಾದಗಳು ಒಡಕಿಗೆ ಕಾರಣ. ಅರ್ಹತನಿಗೂ, ಅಂದರೆ ಬಿಡುಗಡೆ ಪಡೆದವನಿಗೂ, ಸಂಶಯ ಬರಬಹುದು, ತಿಳಿಯದ ವಿಷಯಗಳು ಇರಬಹುದು ಎಂಬ ಥರದ ವಾದಗಳು ಅವು. ಇದೂ ಒಂದು ರೀತಿಯಲ್ಲಿ ಹಿರಿಯರ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಯೇ.

ನಿಕಾಯ ಬೇರೆ, ಯಾನ ಬೇರೆ

ಇಲ್ಲೇ ಬಹಳ ಜನ ಎಡವುವುದು. ವಿನಯದಲ್ಲಿ ಸಂಘಭೇದಕ್ಕೆ ಲೆಕ್ಕ ಇದೆ. ಒಂದು ಕಡೆ ನಾಲ್ವರು, ಇನ್ನೊಂದು ಕಡೆ ನಾಲ್ವರು, ಒಡಕನ್ನು ಸಾರಲು ಒಂಬತ್ತನೆಯವನು. ಇದಕ್ಕಿಂತ ಕಡಿಮೆ ಇದ್ದರೆ ಅದು ಜಗಳ ಮಾತ್ರ. ಗುಂಪುಗಳು ಒಂದೇ ಸೀಮೆಯಲ್ಲಿದ್ದು ಬೇರೆ ಬೇರೆ ಉಪೋಸಥ ಮಾಡತೊಡಗಿದರೆ ಸಂಘ ಒಡೆದ ಹಾಗೆ. ಮನಸ್ಸಿನಲ್ಲಿ ಏನು ನಂಬುತ್ತೀರಿ ಎನ್ನುವುದರಿಂದ ಒಡಕನ್ನು ಅಳೆಯುತ್ತಿರಲಿಲ್ಲ. ಆದ್ದರಿಂದ ನಿಕಾಯ ಅಂದರೆ ಯಾರ ಹತ್ತಿರ ದೀಕ್ಷೆ ಪಡೆದಿರಿ, ಯಾರ ಪ್ರಾತಿಮೋಕ್ಷ ಹೇಳುತ್ತೀರಿ ಎನ್ನುವುದು. ಯಾನ ಅಂದರೆ ಎಲ್ಲಿಗೆ ಹೊರಟಿದ್ದೀರಿ ಎನ್ನುವುದು. ಅರ್ಹತನಾಗಿ ಮುಗಿಸುತ್ತೀರೋ, ಬೋಧಿಸತ್ವನಾಗಿ ಎಷ್ಟೋ ಜನ್ಮ ನಡೆದು ಬುದ್ಧನೇ ಆಗುತ್ತೀರೋ? ಒಬ್ಬನೇ ಭಿಕ್ಷುವಿಗೆ ಎರಡೂ ಗುರುತು ಇರಬಹುದು.

ಹತ್ತಿರದಿಂದ ನೋಡಲು ಉಗ್ರ ಪರಿಪೃಚ್ಛೆ ಒಳ್ಳೆಯದು. ಇದು ಹಳೆಯ ಮಹಾಯಾನ ಸೂತ್ರಗಳಲ್ಲಿ ಒಂದು. ಉಗ್ರ ಎಂಬ ಗೃಹಸ್ಥ ವಿಹಾರಕ್ಕೆ ಹೋದಾಗ ಅಲ್ಲಿ ಯಾರು ಯಾರಿದ್ದಾರೆ ಎಂದು ಗುರುತಿಸಬೇಕು ಎಂದು ಅದು ಹೇಳುತ್ತದೆ. ಬಹಳ ಓದಿದವರು, ವಿನಯ ಬಲ್ಲವರು, ಕಾಡಿನಲ್ಲಿ ವಾಸಿಸುವವರು, ಬೋಧಿಸತ್ವ ಪಿಟಕ ಕಲಿತವರು, ಹೀಗೆ ಪಟ್ಟಿ ಸಾಗುತ್ತದೆ. ಬೋಧಿಸತ್ವ ಪಿಟಕದವರಿಗೆ ಬೇರೆ ವಿಹಾರ ಇಲ್ಲ. ಅದೇ ಅಂಗಳದಲ್ಲಿ ಉಳಿದವರ ಜೊತೆ ಅವರೂ ಇದ್ದಾರೆ. ಸ್ತೂಪದ ಸುತ್ತ ಸೇರಿದ ಗೃಹಸ್ಥರು ಸಂಘದ ಹಿಡಿತಕ್ಕೆ ಎದುರಾಗಿ ಮಹಾಯಾನ ಕಟ್ಟಿದರು ಎಂಬ ಹಿರಾಕಾವಾ ಅಕಿರಾ ಅವರ ವಾದ ಒಂದು ಕಾಲಕ್ಕೆ ತುಂಬ ಹೆಸರಾಗಿತ್ತು. ಗೃಹಸ್ಥನಿಗೆಂದೇ ಬರೆದ ಈ ಸೂತ್ರ, ಮನೆ ಬಿಟ್ಟು ಭಿಕ್ಷುವಾಗುವುದೇ ಮೇಲು ಎನ್ನುತ್ತದೆ. ಇದನ್ನು ಓದಿದ ಮೇಲೆ ಆ ವಾದ ನನಗೆ ನಿಲ್ಲುವಂತೆ ಕಾಣುವುದಿಲ್ಲ.

ಹಾಗಂತ ಎಲ್ಲರೂ ಒಪ್ಪಿ ಸುಮ್ಮನಿದ್ದರು ಅಂತಲೂ ಅಲ್ಲ. ಅಷ್ಟಸಾಹಸ್ರಿಕಾ ಪ್ರಜ್ಞಾಪಾರಮಿತೆ ಎಂಬ ಮಹಾಯಾನ ಸೂತ್ರವನ್ನು ಲೋಕಕ್ಷೇಮ ಎಂಬ ಭಿಕ್ಷು ಕ್ರಿ.ಶ. 179ರಲ್ಲಿ ಚೀನೀ ಭಾಷೆಗೆ ತಂದ. ಅದರಲ್ಲಿ ಸಾಧಕರ ದಾರಿ ತಪ್ಪಿಸುವ ಮಾರ ಶ್ರಮಣನ ವೇಷದಲ್ಲಿ ಬಂದು, ನೀನು ಕೇಳಿದ್ದು ಬುದ್ಧವಚನವಲ್ಲ, ಕವಿಗಳು ಕಟ್ಟಿದ್ದು ಎನ್ನುತ್ತಾನೆ. ಹೊಸ ಸೂತ್ರ ಓದುವವರು ಸಹಭಿಕ್ಷುಗಳಿಂದ ದಿನವೂ ಕೇಳುತ್ತಿದ್ದ ಮಾತು ಇದೇ ಇರಬೇಕು. ವೈಶಾಲಿಯಲ್ಲಿ ಸಬ್ಬಕಾಮಿಗೆ ಕೇಳಿದ ಪ್ರಶ್ನೆ, ಇದು ಬುದ್ಧ ಹೇಳಿದ್ದೇ ಎಂಬುದು, ಈಗ ನಿಯಮದಿಂದ ಸೂತ್ರಕ್ಕೆ ಬಂದಿತ್ತು.

ದಾನ ಶಾಸನಗಳಲ್ಲಿ ಶತಮಾನಗಟ್ಟಲೆ ಕಾಣುವುದು ನಿಕಾಯಗಳ ಹೆಸರೇ. ನಾಗಾರ್ಜುನಕೊಂಡದಲ್ಲಿ ಮೂರನೇ ಶತಮಾನದ ಒಂದು ಶಾಸನವಿದೆ. ನಮ್ಮ ಬನವಾಸಿಯ ಅರಸನ ರಾಣಿಯಾಗಿದ್ದ ಇಕ್ಷ್ವಾಕು ಮನೆತನದ ಮಗಳು ಕೋಡಬಲಿಸಿರಿ ಅಲ್ಲಿ ವಿಹಾರ ಕಟ್ಟಿಸಿದಳು. ಕೊಟ್ಟದ್ದು ಮಹೀಶಾಸಕ ನಿಕಾಯದ ಆಚಾರ್ಯರಿಗೆ. ಶಾಸನದಲ್ಲಿ ಯಾನದ ಮಾತಿಲ್ಲ.

ಏಳನೇ ಶತಮಾನದ ಕೊನೆಗೆ ಭಾರತದಲ್ಲಿ ಓದಿದ ಚೀನೀ ಭಿಕ್ಷು ಇತ್ಸಿಂಗ್ ಇದನ್ನು ನೇರವಾಗಿ ಬರೆದಿದ್ದಾನೆ. ಎರಡೂ ಯಾನದವರು ಪಾಲಿಸುವ ವಿನಯ ಒಂದೇ. ಬೋಧಿಸತ್ವರನ್ನು ಪೂಜಿಸಿ ಮಹಾಯಾನ ಸೂತ್ರ ಓದುವವರು ಮಹಾಯಾನಿಗಳು, ಹಾಗೆ ಮಾಡದವರು ಹೀನಯಾನಿಗಳು ಎನ್ನುತ್ತಾನೆ. ಇವತ್ತಿಗೂ ಚೀನಾದ ಮಹಾಯಾನ ಭಿಕ್ಷುಗಳು ಹಿಡಿದಿರುವುದು ಧರ್ಮಗುಪ್ತಕರ 250 ನಿಯಮಗಳನ್ನು. ಬೈಲಕುಪ್ಪೆಯ ಟಿಬೆಟನ್ ವಿಹಾರಗಳಲ್ಲಿ ಪೂರ್ಣ ದೀಕ್ಷೆ ಪಡೆದ ಭಿಕ್ಷುಗಳು ಹದಿನೈದು ದಿನಕ್ಕೊಮ್ಮೆ ಸೇರುವಾಗ ಹೇಳುವುದು ಮೂಲಸರ್ವಾಸ್ತಿವಾದ ನಿಕಾಯದ ಪ್ರಾತಿಮೋಕ್ಷ.